ಅವಗೆಂಪು ನಕ್ಷೆಯಲ್ಲಿ ಹೈಡ್ರಾಕ್ಸಿಲ್ ಮತ್ತು ಕಾರ್ಬೊನಿಲ್: ಓದುವುದು ಹೇಗೆ?

ಕಲಬೆರಕೆ ಔಷಧ, ನಕಲಿ ರಾಸಾಯನಿಕ, ಎಲ್ಲೋ ಸಿಕ್ಕ ಶಂಕಿತ ಪುಡಿ. ಇಂತಹ ಸುದ್ದಿಗಳ ನಡುವೆ, ಅವಗೆಂಪು ಕಿರಣ ಹಾಯಿಸಿ ವಸ್ತುವನ್ನು ಗುರುತಿಸುವ ಎಫ್‌ಟಿಐಆರ್ ಎಂಬ ಪರೀಕ್ಷೆಯ ಹೆಸರು ಆಗಾಗ ಕೇಳಿಬರುತ್ತದೆ. ಬಿ.ಎಸ್ಸಿ. ಓದುವ ಮಕ್ಕಳಿರುವ ಮನೆಗಳಲ್ಲಿ ಅದರ ನಕ್ಷೆಯನ್ನೂ ಕಂಡಿರಬಹುದು: ಮೇಲಿನಿಂದ ಕೆಳಕ್ಕೆ ಇಳಿಬಿದ್ದ ಹತ್ತಾರು ಚೂಪು ಹಲ್ಲುಗಳು, ಕೆಳಗೆ ಎಡದಿಂದ ಬಲಕ್ಕೆ ಇಳಿಯುತ್ತ ಹೋಗುವ ಅಂಕಿಗಳು. ಮೊದಲ ಸಲ ನೋಡಿದವರಿಗೆ ಅದು ಅರ್ಥವಿಲ್ಲದ ಗೀಚಾಟ. ಬಲ್ಲವರು ಅದರ ಎರಡೇ ಎರಡು ಜಾಗಗಳ ಮೇಲೆ ಕಣ್ಣು ಹಾಯಿಸಿ, "ಇದರಲ್ಲಿ ಆಮ್ಲದ ಗುಂಪಿದೆ, ಜೊತೆಗೊಂದು ಎಸ್ಟರ್ ಕೂಡ ಇರುವಂತಿದೆ" ಎಂದುಬಿಡುತ್ತಾರೆ.

ಆ ಎರಡು ಜಾಗಗಳನ್ನು ಓದುವುದು ಹೇಗೆ ಎಂಬುದೇ ಈ ಲೇಖನದ ವಿಷಯ. ಕೈಯಲ್ಲಿ ಹೆಸರಿಲ್ಲದ ಒಂದು ಬಿಳಿ ಪುಡಿ ಇದೆ ಎಂದುಕೊಳ್ಳೋಣ. ಅದರಲ್ಲಿ ಹೈಡ್ರಾಕ್ಸಿಲ್ ಗುಂಪು, ಎಂದರೆ ಆಮ್ಲಜನಕಕ್ಕೆ ಹೈಡ್ರೋಜನ್ ಅಂಟಿಕೊಂಡಿರುವ O–H ಇದೆಯೇ? ಕಾರ್ಬೊನಿಲ್ ಗುಂಪು, ಎಂದರೆ ಇಂಗಾಲ ಮತ್ತು ಆಮ್ಲಜನಕ ಜೋಡಿಬಂಧದಲ್ಲಿ ಸೇರಿರುವ C=O ಇದೆಯೇ? ಮದ್ಯಸಾರ, ಫೀನಾಲ್, ಸಕ್ಕರೆಗಳಲ್ಲಿ ಮೊದಲನೆಯದು ಇರುತ್ತದೆ; ಅಸಿಟೋನ್, ಆಮ್ಲ ಮತ್ತು ಮದ್ಯಸಾರ ಕೂಡಿ ಆಗುವ ಎಸ್ಟರ್, ಅಮೈಡ್‌ಗಳಲ್ಲಿ ಎರಡನೆಯದು; ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದಂಥವುಗಳಲ್ಲಿ ಎರಡೂ. ಹಾಗಾಗಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಸಾವಯವ ವಸ್ತುಗಳ ದೊಡ್ಡ ರಾಶಿಯೇ ಹಲವು ಸಣ್ಣ ಗುಂಪುಗಳಾಗಿ ಒಡೆಯುತ್ತದೆ.

## ಬಂಧಗಳು ಕಿರಣವನ್ನು ಹೀರುವುದೇಕೆ?

ಕೆಂಪು ಬೆಳಕಿನಾಚೆ ಕಣ್ಣಿಗೆ ಕಾಣದ, ಶಾಖವಾಗಿ ಅನುಭವಕ್ಕೆ ಬರುವ ಕಿರಣಗಳಿವೆ. ಅವನ್ನು 1800ರಲ್ಲಿ ವಿಲಿಯಂ ಹರ್ಷೆಲ್ ಗುರುತಿಸಿದರು. ಅವೇ ಅವಗೆಂಪು ಅಥವಾ ಇನ್‌ಫ್ರಾರೆಡ್ ಕಿರಣಗಳು. ಅಣುವಿನೊಳಗಿನ ಪರಮಾಣುಗಳು ಎಂದೂ ಸುಮ್ಮನೆ ಕೂತಿರುವುದಿಲ್ಲ; ಅವುಗಳ ನಡುವಿನ ಬಂಧ ಹಿಗ್ಗುತ್ತದೆ, ಕುಗ್ಗುತ್ತದೆ, ಬಾಗುತ್ತದೆ. ಕಾರ್ಬೊನಿಲ್ ಬಂಧವಂತೂ ಸೆಕೆಂಡಿಗೆ ಸುಮಾರು 51 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಬೀಳುವ ಕಿರಣದ ಕಂಪನವೂ ಬಂಧದ ಕಂಪನವೂ ಒಂದೇ ಲಯದಲ್ಲಿದ್ದರೆ ಆ ಕಿರಣವನ್ನು ಬಂಧ ಹೀರಿಕೊಳ್ಳುತ್ತದೆ. ಲಯ ಕೂಡದಿದ್ದರೆ ಕಿರಣ ದಾಟಿ ಹೋಗುತ್ತದೆ.

ಈ ಲಯವನ್ನು ನಿರ್ಧರಿಸುವುದು ಎರಡು ಸಂಗತಿಗಳು. ತಂಬೂರಿಯನ್ನು ನೆನಪಿಸಿಕೊಳ್ಳಿ. ತಂತಿಯನ್ನು ಬಿಗಿ ಮಾಡಿದರೆ ಶ್ರುತಿ ಏರುತ್ತದೆ, ದಪ್ಪ ತಂತಿ ಹಾಕಿದರೆ ಇಳಿಯುತ್ತದೆ. ಬಂಧಗಳದ್ದೂ ಇದೇ ಕಥೆ: ಬಂಧ ಬಿಗಿಯಾದಷ್ಟೂ ಕಂಪನ ವೇಗ, ತುದಿಯ ಪರಮಾಣುಗಳು ಭಾರವಾದಷ್ಟೂ ನಿಧಾನ. C=O ಜೋಡಿಬಂಧ, O–H ಒಂಟಿಬಂಧ. ಬಿಗಿಯ ಲೆಕ್ಕದಲ್ಲಿ C=O ಮುಂದಿದೆ. ಆದರೂ O–H ಅದರ ಎರಡರಷ್ಟು ಎತ್ತರದ ಶ್ರುತಿಯಲ್ಲಿ ನುಡಿಯುತ್ತದೆ. ಕಾರಣ, ಅದರ ಒಂದು ತುದಿಯಲ್ಲಿರುವುದು ಎಲ್ಲ ಪರಮಾಣುಗಳಲ್ಲೂ ಹಗುರವಾದ ಹೈಡ್ರೋಜನ್. ಆ ಹೈಡ್ರೋಜನ್ನಿನ ಜಾಗದಲ್ಲಿ ಅದರ ಇಮ್ಮಡಿ ತೂಕದ ಸೋದರ ಡ್ಯುಟೀರಿಯಂ ಕೂರಿಸಿದರೆ ಬಂಧದ ಬಿಗಿ ಬದಲಾಗುವುದಿಲ್ಲ, ಆದರೆ ನಕ್ಷೆಯ ಕೆಳಗಿನ ಅಂಕಿಗಳಲ್ಲಿ 3300ರ ಆಸುಪಾಸಿನಲ್ಲಿದ್ದ ಹೀರಿಕೆ 2500ರ ಹತ್ತಿರಕ್ಕೆ ಕುಸಿಯುತ್ತದೆ. ಒಂದು ಹೀರಿಕೆ ನಿಜಕ್ಕೂ O–Hನದ್ದೇ ಎಂಬ ಅನುಮಾನವಿದ್ದಾಗ ಮಾದರಿಯನ್ನು ಡ್ಯುಟೀರಿಯಂ ಇರುವ ಭಾರಜಲದೊಂದಿಗೆ ಕಲಕಿ ನೋಡುವುದು ಇದೇ ಕಾರಣಕ್ಕೆ. ಆದರೆ ನೈಟ್ರೋಜನ್ನಿಗೆ ಹೈಡ್ರೋಜನ್ ಅಂಟಿಕೊಂಡಿರುವ N–H ಕೂಡ ಹೀಗೆಯೇ ಜಾರುತ್ತದೆ ಎಂಬುದನ್ನು ಮರೆಯಬಾರದು.

ಇನ್ನೊಂದು ಷರತ್ತೂ ಇದೆ. ಬಂಧ ಕಂಪಿಸುವಾಗ ಅದರ ವಿದ್ಯುತ್ ಸಮತೋಲ ಅಲುಗಬೇಕು. ಗಾಳಿಯ ನೈಟ್ರೋಜನ್ ಮತ್ತು ಆಮ್ಲಜನಕಗಳಲ್ಲಿ ಎರಡೂ ತುದಿಗಳು ಒಂದೇ ಬಗೆಯವಾದ್ದರಿಂದ ಅವು ಈ ಕಿರಣಗಳಿಗೆ ಪಾರದರ್ಶಕ. C=O ಇದಕ್ಕೆ ತದ್ವಿರುದ್ಧ; ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನತ್ತ ಬಲವಾಗಿ ಎಳೆದುಕೊಂಡಿರುತ್ತದೆ. ಕಾರ್ಬೊನಿಲ್ ಹೀರಿಕೆ ಅನೇಕ ನಕ್ಷೆಗಳಲ್ಲಿ ಎಲ್ಲಕ್ಕಿಂತ ಆಳವಾಗಿ ಕಾಣುವುದು ಅದಕ್ಕೇ.

1905ರಲ್ಲಿ ಅಮೆರಿಕದ ವಿಲಿಯಂ ಕಾಬ್ಲೆಂಟ್ಜ್ ನೂರಕ್ಕೂ ಹೆಚ್ಚು ವಸ್ತುಗಳ ಅವಗೆಂಪು ನಕ್ಷೆಗಳನ್ನು ಪ್ರಕಟಿಸಿದರು. ಒಂದೇ ಬಗೆಯ ಪರಮಾಣು ಗುಂಪು ಯಾವ ಅಣುವಿನಲ್ಲಿದ್ದರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಹೀರುತ್ತದೆ ಎಂಬುದು ಅವುಗಳಿಂದ ಕಂಡುಬಂತು. ನಾವು ಇಂದು ಮಾಡುವ ಓದೆಲ್ಲ ನಿಂತಿರುವುದು ಆ ಮಾತಿನ ಮೇಲೆ. "ಹೆಚ್ಚುಕಡಿಮೆ" ಎಂಬ ಪದದೊಳಗೆ ಎಷ್ಟು ಸುದ್ದಿ ಅಡಗಿದೆ ಎಂಬುದನ್ನು ಮುಂದೆ ನೋಡಲಿದ್ದೇವೆ.

## ನಕ್ಷೆಯನ್ನು ಮುಂದಿಟ್ಟುಕೊಂಡಾಗ

ಕೆಳಗಿನ ಅಂಕಿಗಳು ತರಂಗಸಂಖ್ಯೆಗಳು: ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕ. ಅದರ ಮಾನ cm⁻¹. ಎಡತುದಿಯಲ್ಲಿ 4000, ಬಲತುದಿಯಲ್ಲಿ 400. ಎಡಕ್ಕೆ ಹೋದಷ್ಟೂ ಶ್ರುತಿ ಹೆಚ್ಚು. ಪಕ್ಕದಲ್ಲಿ ನಿಂತ ಅಂಕಿಗಳು ಎಷ್ಟು ಪ್ರತಿಶತ ಕಿರಣ ಮಾದರಿಯನ್ನು ದಾಟಿ ಬಂತು ಎಂಬುದನ್ನು ಹೇಳುತ್ತವೆ. ಆದ್ದರಿಂದ ಹೀರಿಕೆ ಇದ್ದಲ್ಲಿ ಗೆರೆ ಕೆಳಕ್ಕೆ ಬೀಳುತ್ತದೆ. ನೋಡಲು ತಗ್ಗಾದರೂ ಎಲ್ಲರೂ ಅದನ್ನು ಪೀಕ್ ಎಂದೇ ಕರೆಯುತ್ತಾರೆ. ಹೊಸಬರು ಇದರಿಂದ ಒಂದೆರಡು ದಿನ ಗಲಿಬಿಲಿಗೊಳ್ಳುವುದು ಸಹಜ.

ಪುಡಿಯ ನಕ್ಷೆ ತೆಗೆಯುವ ಹಳೆಯ ಮತ್ತು ಇನ್ನೂ ಚಾಲ್ತಿಯಲ್ಲಿರುವ ವಿಧಾನ ಬಿಲ್ಲೆ ಮಾಡುವುದು. ಒಂದೆರಡು ಮಿಲಿಗ್ರಾಂ ಪುಡಿಗೆ ಅದರ ನೂರರಷ್ಟು ಒಣಗಿದ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿ, ಅಗೇಟ್ ಕಲ್ಲಿನ ಪುಟ್ಟ ಖಲ್ಲಿನಲ್ಲಿ ನುಣ್ಣಗೆ ಅರೆದು, ಹಲವು ಟನ್ ಒತ್ತಡದಲ್ಲಿ ಅದುಮಿದರೆ ಗಾಜಿನಂತಹ ತೆಳು ಬಿಲ್ಲೆ ಸಿಗುತ್ತದೆ. ನಾವು ನೋಡುವ ವ್ಯಾಪ್ತಿಯಲ್ಲಿ ಆ ಉಪ್ಪು ಏನನ್ನೂ ಹೀರುವುದಿಲ್ಲ. ಈಚಿನ ಯಂತ್ರಗಳಲ್ಲಿ ಪುಡಿಯನ್ನು ಚಿಕ್ಕದೊಂದು ವಜ್ರದ ಮೇಲಿಟ್ಟು ತಿರುಪಿನಿಂದ ಒತ್ತಿದರೆ ಸಾಕು. ಇದಕ್ಕೆ ಎಟಿಆರ್ ಎನ್ನುತ್ತಾರೆ.

ನಕ್ಷೆ ಕೈಗೆ ಬಂದ ಮೇಲೆ ಎಡದಿಂದ ಬಲಕ್ಕೆ ಪ್ರತಿ ಹಲ್ಲಿಗೂ ಹೆಸರಿಡಲು ಹೊರಡುವುದು ವ್ಯರ್ಥ ಶ್ರಮ. 1500ರಿಂದ ಕೆಳಗಿನ ಭಾಗದಲ್ಲಿ ಇಡೀ ಅಣುವಿನ ಕಂಪನಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಅದನ್ನು ಬೆರಳಚ್ಚು ವಲಯ ಎಂದು ಕರೆಯುವುದು ಸುಮ್ಮನೆ ಅಲ್ಲ: ಹೋಲಿಸಿ ನೋಡಲು ಅದು ಅಮೂಲ್ಯ, ಬಿಡಿಸಿ ಓದಲು ಕಗ್ಗಂಟು. ಮೊದಲ ನೋಟ 3600ರಿಂದ 2500ರವರೆಗಿನ ಬಯಲಿನ ಮೇಲಿರಲಿ, ಎರಡನೆಯ ನೋಟ 1850ರಿಂದ 1630ರವರೆಗಿನ ಕಿರು ಓಣಿಯ ಮೇಲೆ.

## ಹೈಡ್ರಾಕ್ಸಿಲ್: ಅಂಕಿಗಿಂತ ಮೊದಲು ಅಗಲ

ಹೈಡ್ರಾಕ್ಸಿಲ್ ಅನ್ನು ಹುಡುಕುವಾಗ ಪಠ್ಯಪುಸ್ತಕದ ಪಟ್ಟಿ ಹೇಳುವುದು "3200ರಿಂದ 3600" ಎಂದು. ಪಟ್ಟಿಯನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ಆ ವ್ಯಾಪ್ತಿಯಲ್ಲಿ ಏನು ಕಂಡರೂ O–H ಎಂದು ಬರೆದುಬಿಡುತ್ತಾನೆ. ಆದರೆ ಈ ಗುಂಪಿನ ನಿಜವಾದ ಗುರುತು ಅದರ ಆಕಾರ. ಎಥನಾಲಿನ ನಕ್ಷೆಯಲ್ಲಿ 3350ರ ಸುತ್ತ ಕಾಣುವುದು ಮೊನಚು ಹಲ್ಲಲ್ಲ. ಇನ್ನೂರು ಮುನ್ನೂರು ಅಂಕಿಗಳಷ್ಟು ಅಗಲಕ್ಕೆ ಹರಡಿದ, ದುಂಡಗಿನ ತಳದ ದೊಡ್ಡ ತಗ್ಗು.

ಇಷ್ಟು ಅಗಲ ಎಲ್ಲಿಂದ ಬಂತು? ಒಂದು ಅಣುವಿನ O–H ತನ್ನ ಹೈಡ್ರೋಜನ್ನನ್ನು ಪಕ್ಕದ ಅಣುವಿನ ಆಮ್ಲಜನಕದತ್ತ ಚಾಚುತ್ತದೆ. ಇದು ಹೈಡ್ರೋಜನ್ ಬಂಧ. ಹೀಗೆ ಚಾಚಿದಾಗ ಮೂಲ O–H ತುಸು ಸಡಿಲವಾಗಿ ಅದರ ಶ್ರುತಿ ಇಳಿಯುತ್ತದೆ. ದ್ರವದೊಳಗೆ ಕೋಟಿಗಟ್ಟಲೆ ಅಣುಗಳಿದ್ದು, ಒಂದರ ಹಿಡಿತ ಗಟ್ಟಿ, ಇನ್ನೊಂದರದು ಸಡಿಲ, ಮತ್ತೊಂದರದು ಇವೆರಡರ ನಡುವೆ. ನೂರು ತಂಬೂರಿಗಳನ್ನು ಒಟ್ಟಿಗೆ ಮೀಟಿ, ಒಂದೊಂದರ ಶ್ರುತಿಯೂ ಕೂದಲೆಳೆಯಷ್ಟು ಬೇರೆ ಇದ್ದರೆ ಕೇಳುವುದು ಒಂದು ಸ್ವರವಲ್ಲ, ಹರಡಿದ ಗುಂಯ್‌ಗುಡುವಿಕೆ. ನಕ್ಷೆಯ ಅಗಲ ತಗ್ಗು ಅದೇ.

ಇದನ್ನು ಪ್ರಯೋಗದಿಂದಲೇ ಕಾಣಬಹುದು. ಎಥನಾಲನ್ನು ಕಾರ್ಬನ್ ಟೆಟ್ರಾಕ್ಲೋರೈಡಿನಲ್ಲಿ ಕರಗಿಸಿ ತೆಳುವಾಗಿಸುತ್ತ ಹೋದರೆ ಅಣುಗಳು ಒಂದರಿಂದೊಂದು ದೂರವಾಗುತ್ತವೆ, ಹೈಡ್ರೋಜನ್ ಬಂಧಗಳು ಬಿಚ್ಚಿಕೊಳ್ಳುತ್ತವೆ. ಆಗ 3350ರ ಅಗಲ ತಗ್ಗು ಕುಗ್ಗುತ್ತ, 3640ರ ಸುಮಾರಿಗೆ ಚಿಕ್ಕದಾದ, ಮೊನಚಾದ ಹೊಸ ಹಲ್ಲು ಮೂಡುತ್ತದೆ. ಅದು ಯಾರ ಕೈಯನ್ನೂ ಹಿಡಿಯದ, ಬಿಡುವಾದ O–H. ಹೈಡ್ರೋಜನ್ ಬಂಧ ಒಂದೇ ಅಣುವಿನ ಎರಡು ಗುಂಪುಗಳ ನಡುವೆ ಇದ್ದರೆ ಎಷ್ಟು ತೆಳುವಾಗಿಸಿದರೂ ಅದು ಬಿಚ್ಚುವುದಿಲ್ಲ. ಈ ಮಾತು ಮುಂದೆ ನಮ್ಮ ಪುಡಿಯ ವಿಷಯದಲ್ಲಿ ಬೇಕಾಗುತ್ತದೆ.

ಅಸಿಟಿಕ್ ಆಮ್ಲದಂಥ ಕಾರ್ಬಾಕ್ಸಿಲಿಕ್ ಆಮ್ಲಗಳಲ್ಲಿ ಈ ಹಿಡಿತ ಇನ್ನೂ ಬಿಗಿ. ಎರಡು ಆಮ್ಲದ ಅಣುಗಳು ಎದುರುಬದುರು ನಿಂತು, ಒಂದರ O–H ಇನ್ನೊಂದರ C=O ಕಡೆಗೆ, ಇನ್ನೊಂದರದ್ದು ಇದರ ಕಡೆಗೆ ಚಾಚಿ ಜೋಡಿಯಾಗುತ್ತವೆ. ಪರಿಣಾಮವಾಗಿ O–H ಹೀರಿಕೆ 3300ರಿಂದ 2500ರವರೆಗೆ ಹಾಸಿಕೊಳ್ಳುತ್ತದೆ. C–H ಬಂಧಗಳ ಸಣ್ಣ ಹಲ್ಲುಗಳು ಕಾಣುವುದು 3000ದ ಆಸುಪಾಸಿನಲ್ಲಿ. ಆಮ್ಲದ ನಕ್ಷೆಯಲ್ಲಿ ಅವು ಈ ಮಹಾ ತಗ್ಗಿನ ನಡುವೆಯೇ ಮುಳುಗಿ, ಅಲ್ಲಲ್ಲಿ ತಲೆ ಹಾಕಿರುತ್ತವೆ. 2500–2700ರ ಭಾಗದಲ್ಲಿ ಸಣ್ಣ ಸಣ್ಣ ಏರಿಳಿತಗಳೂ ಇರುತ್ತವೆ. ಒಮ್ಮೆ ನೋಡಿದರೆ ಮರೆಯಲಾಗದ ಚಿತ್ರ ಇದು. ವಿಚಿತ್ರವೆಂದರೆ ಹೊಸಬರು ಇದನ್ನೇ ಹೆಚ್ಚು ತಪ್ಪಿಸಿಕೊಳ್ಳುತ್ತಾರೆ. 3400ರಲ್ಲಿ ತಗ್ಗು ಹುಡುಕುತ್ತ, ಇಡೀ ಗೆರೆಯೇ ಕೆಳಗಿಳಿದು ನಿಂತಿರುವುದನ್ನು "ನಕ್ಷೆ ಸರಿಯಾಗಿ ಬಂದಿಲ್ಲ" ಎಂದು ಪಕ್ಕಕ್ಕಿಡುತ್ತಾರೆ.

ಇದೇ ಬಯಲಿನಲ್ಲಿ N–H ಕೂಡ ಇರುತ್ತದೆ. ಅದು ಸಾಮಾನ್ಯವಾಗಿ ಹೆಚ್ಚು ಮೊನಚು, ಕಡಿಮೆ ಆಳ. ನೈಟ್ರೋಜನ್ ಮೇಲೆ ಎರಡು ಹೈಡ್ರೋಜನ್ ಇದ್ದರೆ ಎರಡು ಹಲ್ಲು, ಒಂದೇ ಇದ್ದರೆ ಒಂದು.

## ಕಾರ್ಬೊನಿಲ್: ಇಲ್ಲಿ ಜಾಗವೇ ಮುಖ್ಯ

ಕಾರ್ಬೊನಿಲ್ ಇದೆಯೋ ಇಲ್ಲವೋ ಎಂಬುದು ಬಹುತೇಕ ಒಂದೇ ನೋಟದಲ್ಲಿ ತೀರ್ಮಾನವಾಗುತ್ತದೆ. 1700ರ ಸುತ್ತ ಆಳವಾದ, ನೇರವಾದ, ಮೊನಚು ಇಳಿಕೆ ಇದ್ದರೆ ಇದೆ. ಅಲ್ಲಿ ಗೆರೆ ಸಮತಟ್ಟಾಗಿದ್ದರೆ ಇಲ್ಲ. ಈ "ಇಲ್ಲ" ಎಂಬ ಉತ್ತರಕ್ಕೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಒಂದು ಪೀಕ್ ಇದ್ದರೆ ಅದಕ್ಕೆ ನಾಲ್ಕು ಕಾರಣಗಳಿರಬಹುದು, ಆದರೆ ಇಷ್ಟು ಬಲವಾಗಿ ಹೀರುವ ಗುಂಪು ಅಣುವಿನಲ್ಲಿದ್ದೂ ಕಾಣದೆ ಹೋಗುವುದು ತೀರಾ ವಿರಳ.

ಇದೆ ಎಂದಾದ ಮೇಲೆ ನಿಜವಾದ ಓದು ಆರಂಭ. ಅಸಿಟೋನ್‌ನ 1715 ಅನ್ನು ನೆಲಮಟ್ಟ ಎಂದಿಟ್ಟುಕೊಳ್ಳಿ. ಕಾರ್ಬೊನಿಲ್‌ನ ಪಕ್ಕದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಪೀಕ್ ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ.

ಕೆಳಕ್ಕೆ ಎಳೆಯುವ ಮುಖ್ಯ ಕಾರಣ ಎಲೆಕ್ಟ್ರಾನುಗಳ ಹಂಚಿಕೆ. ಕಾರ್ಬೊನಿಲ್‌ನ ಪಕ್ಕದಲ್ಲೇ ಬೆಂಜೀನ್ ಉಂಗುರವೋ ಇನ್ನೊಂದು ಜೋಡಿಬಂಧವೋ ಇದ್ದರೆ, ಜೋಡಿಬಂಧದ ಎಲೆಕ್ಟ್ರಾನುಗಳು ಅತ್ತಲೂ ಇತ್ತಲೂ ಹರಡಿಕೊಳ್ಳುತ್ತವೆ. C=O ಪೂರ್ತಿ ಜೋಡಿಬಂಧವಾಗಿ ಉಳಿಯದೆ ಸ್ವಲ್ಪ ಒಂಟಿಬಂಧದ ಗುಣ ಪಡೆಯುತ್ತದೆ, ಬಿಗಿ ಕಡಿಮೆಯಾಗುತ್ತದೆ. ಅಸಿಟೋನ್‌ನ ಒಂದು ಮಿಥೈಲ್ ಗುಂಪನ್ನು ತೆಗೆದು ಬೆಂಜೀನ್ ಉಂಗುರ ಇಟ್ಟರೆ ಸಿಗುವ ಅಸಿಟೋಫಿನೋನ್‌ನಲ್ಲಿ ಪೀಕ್ 1685ಕ್ಕೆ ಇಳಿಯುತ್ತದೆ. ಅಮೈಡ್‌ಗಳಲ್ಲಿ ಪಕ್ಕದ ನೈಟ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿಯನ್ನು ಧಾರಾಳವಾಗಿ ನೀಡುವುದರಿಂದ 1690–1630ರವರೆಗೂ ಇಳಿಯುತ್ತದೆ. ಕಾರ್ಬೊನಿಲ್‌ನ ಆಮ್ಲಜನಕವನ್ನು ಯಾವುದಾದರೂ O–H ಹಿಡಿದುಕೊಂಡಿದ್ದರೂ ಬಂಧ ಸಡಿಲವಾಗುತ್ತದೆ.

ಮೇಲಕ್ಕೆ ತಳ್ಳುವುದು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವ ನೆರೆ. ಎಸ್ಟರ್‌ಗಳಲ್ಲಿ ಪಕ್ಕದ ಎರಡನೆಯ ಆಮ್ಲಜನಕದ ಸೆಳೆತದಿಂದ ಪೀಕ್ 1735–1750ಕ್ಕೆ ಏರುತ್ತದೆ. ಪಕ್ಕದಲ್ಲಿ ಕ್ಲೋರಿನ್ ಇದ್ದರೆ 1800ರ ಹತ್ತಿರ. ಇಕ್ಕಟ್ಟಾದ ಉಂಗುರವೂ ಮೇಲಕ್ಕೆ ತಳ್ಳುತ್ತದೆ: ಆರು ಇಂಗಾಲದ ಸೈಕ್ಲೋಹೆಕ್ಸನೋನ್ 1715ರಲ್ಲಿದ್ದರೆ ಐದರ ಸೈಕ್ಲೋಪೆಂಟನೋನ್ 1745ರಲ್ಲಿ. ಹಾಗಾಗಿ 1745 ಕಂಡಕೂಡಲೇ ಎಸ್ಟರ್ ಎಂದು ಸಹಿ ಹಾಕುವಂತಿಲ್ಲ. ಎಸ್ಟರ್ ಆಗಿದ್ದರೆ ಅದರ C–O ಒಂಟಿಬಂಧ 1300–1000ದ ನಡುವೆ ಬಲವಾದ ಪೀಕ್ ಕೊಡಲೇಬೇಕು. ಸಾಕ್ಷಿ ಎರಡೂ ಕಡೆ ಸಿಕ್ಕಾಗಲೇ ಹೆಸರು ಬರೆಯಬೇಕು. ಹಾಗೆಯೇ 1725ರ ಪೀಕ್ ಆಲ್ಡಿಹೈಡಿನದ್ದೇ ಎಂದು ಹೇಳಲು 2720 ಮತ್ತು 2820ರ ಸುತ್ತ ಎರಡು ಕಿರು ಹಲ್ಲುಗಳು ಕಾಣಬೇಕು.

## ಈಗ ನಮ್ಮ ಬಿಳಿ ಪುಡಿ

ಹೆಸರಿಲ್ಲದ ಪುಡಿಯ ಬಿಲ್ಲೆ ಮಾಡಿ ನಕ್ಷೆ ತೆಗೆದೆವು. ಎಡಭಾಗದಲ್ಲಿ 3400ರ ದುಂಡು ತಗ್ಗಿಲ್ಲ. ಬದಲಿಗೆ 3300ರ ಸುಮಾರಿಗೆ ಇಳಿಯತೊಡಗಿದ ಗೆರೆ 2500ರವರೆಗೂ ಮೇಲೇಳುವುದೇ ಇಲ್ಲ. 2700, 2600ರ ಸುತ್ತ ಸಣ್ಣ ಅಲೆಗಳು. ಎಂದರೆ ಹೈಡ್ರಾಕ್ಸಿಲ್ ಇದೆ, ಮತ್ತು ಅದು ಮದ್ಯಸಾರದ್ದಲ್ಲ, ಆಮ್ಲದ್ದು. ಹಾಗಿದ್ದರೆ ಕಾರ್ಬೊನಿಲ್ ಕೂಡ ಇರಲೇಬೇಕು. ಅದಿಲ್ಲದೆ ಕಾರ್ಬಾಕ್ಸಿಲಿಕ್ ಆಮ್ಲವಿಲ್ಲ.

ಓಣಿಗೆ ಬಂದರೆ ಒಂದಲ್ಲ, ಎರಡು ಆಳವಾದ ಪೀಕ್‌ಗಳು: 1750ರ ಸುಮಾರಿಗೆ ಒಂದು, 1690ರ ಸುಮಾರಿಗೆ ಇನ್ನೊಂದು. ಅವುಗಳ ಬಲಕ್ಕೆ 1605ರಲ್ಲಿ ಚಿಕ್ಕದೊಂದು ಮೊನಚು ಹಲ್ಲು. ಇದು ಬೆಂಜೀನ್ ಉಂಗುರದ ವಿಳಾಸ.

1690 ಆಮ್ಲದ್ದಿರಬೇಕು. ಉಂಗುರದಿಂದ ದೂರವಿರುವ, ಜೋಡಿಗಟ್ಟಿದ ಆಮ್ಲದ ಕಾರ್ಬೊನಿಲ್ 1710ರ ಸುತ್ತ ಇರುತ್ತದೆ. ಇಲ್ಲಿ ಅದು 20 ಅಂಕಿ ಕೆಳಗಿದೆ. ಆಮ್ಲದ ಗುಂಪು ಬೆಂಜೀನ್ ಉಂಗುರಕ್ಕೆ ನೇರವಾಗಿ ಅಂಟಿಕೊಂಡಿದೆ ಎಂದುಕೊಂಡರೆ ಲೆಕ್ಕ ಸರಿಹೋಗುತ್ತದೆ.

ಉಳಿದದ್ದು 1750. ಆಮ್ಲಕ್ಕೆ ಅದು ತೀರಾ ಎತ್ತರ, ಅಸಿಟೋಫಿನೋನ್‌ನಂತೆ ಉಂಗುರಕ್ಕೆ ಅಂಟಿದ ಕೀಟೋನಿಗೂ ಎತ್ತರ. ಎಸ್ಟರ್ ಇರಬಹುದೇ? ಬಲಕ್ಕೆ ಹೋಗಿ ನೋಡಿದರೆ 1185ರ ಸುತ್ತ ಬಲವಾದ C–O ಪೀಕ್ ಇದೆ. ಸಾಕ್ಷಿ ಸಿಕ್ಕಿತು. ಆದರೆ ಎಸ್ಟರ್‌ಗಳ ವ್ಯಾಪ್ತಿಯಲ್ಲೂ ಇದು ಮೇಲಿನ ಅಂಚಿನಲ್ಲೇಕೆ ನಿಂತಿದೆ? ಉಂಗುರಕ್ಕೆ ಅಂಟಿದ್ದು ಎಸ್ಟರ್‌ನ ಕಾರ್ಬೊನಿಲ್ ಅಲ್ಲ, ಅದರ ಒಂಟಿ ಆಮ್ಲಜನಕ ಎಂದು ಊಹಿಸಿ. ಆಗ ಆ ಆಮ್ಲಜನಕ ತನ್ನ ಎಲೆಕ್ಟ್ರಾನ್ ಜೋಡಿಯ ಒಂದಷ್ಟು ಪಾಲನ್ನು ಉಂಗುರಕ್ಕೆ ಕೊಟ್ಟುಬಿಡುತ್ತದೆ, ಕಾರ್ಬೊನಿಲ್‌ಗೆ ಸಿಗುವುದು ಕಡಿಮೆ. C=O ತನ್ನ ಬಿಗಿಯನ್ನು ಉಳಿಸಿಕೊಂಡು ಮೇಲೇರುತ್ತದೆ. ಬೆಂಜೀನ್ ಉಂಗುರಕ್ಕೆ O–H ಅಂಟಿರುವ ಫೀನಾಲಿನಿಂದ ಮಾಡಿದ ಎಸ್ಟರ್‌ಗಳ ಲಕ್ಷಣವೇ ಇದು.

ಇಷ್ಟನ್ನು ಕೂಡಿಸಿದರೆ: ಬೆಂಜೀನ್ ಉಂಗುರ, ಅದಕ್ಕೆ ಅಂಟಿದ ಆಮ್ಲದ ಗುಂಪು, ಆಮ್ಲಜನಕದ ಮೂಲಕ ಸೇರಿದ ಎಸ್ಟರ್. ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲ ಈ ವರ್ಣನೆಗೆ ಹೊಂದುತ್ತದೆ. ಹೃದ್ರೋಗಿಗಳು ದಿನಕ್ಕೊಂದರಂತೆ ನುಂಗುವ ಆಸ್ಪಿರಿನ್ ಅದೇ.

ಆಸ್ಪಿರಿನ್ ತಯಾರಾಗುವುದು ಸ್ಯಾಲಿಸಿಲಿಕ್ ಆಮ್ಲದಿಂದ. ಅದೂ ಬಿಳಿ ಪುಡಿಯೇ. ಅದರ ನಕ್ಷೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. 1750ರ ಪೀಕ್ ಮಾಯ, ಏಕೆಂದರೆ ಎಸ್ಟರ್ ಇಲ್ಲ. ಎಡಭಾಗದಲ್ಲಿ ಆಮ್ಲದ ಅಗಲ ತಗ್ಗಿನ ಮೇಲಂಚಿನಲ್ಲಿ, 3230ರ ಸುಮಾರಿಗೆ, ಎದ್ದು ಕಾಣುವ ಪ್ರತ್ಯೇಕ ಪೀಕ್ ಒಂದಿದೆ. ಅದು ಎಸ್ಟರ್ ಆಗದೆ ಉಳಿದ ಫೀನಾಲಿನ O–H. ಆಮ್ಲದ ಕಾರ್ಬೊನಿಲ್ 1690ರಲ್ಲಿಲ್ಲ, 1660ಕ್ಕೆ ಇಳಿದಿದೆ. ಪಕ್ಕದಲ್ಲೇ ಕೂತ ಫೀನಾಲಿನ O–H, ಅದೇ ಅಣುವಿನೊಳಗೆ, ಕಾರ್ಬೊನಿಲ್‌ನ ಆಮ್ಲಜನಕವನ್ನು ಹಿಡಿದುಕೊಂಡು ಬಂಧವನ್ನು ಸಡಿಲಿಸಿದೆ. ಆಸ್ಪಿರಿನ್‌ನಲ್ಲಿ ಆ O–Hನ ಹೈಡ್ರೋಜನ್ ಇದ್ದ ಜಾಗವನ್ನು ಅಸಿಟೈಲ್ ಗುಂಪು ಆಕ್ರಮಿಸಿರುವುದರಿಂದ ಹಿಡಿಯುವ ಕೈಯೇ ಇಲ್ಲ. ಒಂದೇ ಕಾರ್ಬೊನಿಲ್ ಪೀಕ್‌ನ 30 ಅಂಕಿಗಳ ಜರುಗುವಿಕೆಯಲ್ಲಿ ನೆರೆಯ ಗುಂಪಿನ ಸ್ಥಿತಿ ಬಯಲಾಯಿತು.

## ಮೋಸ ಮಾಡುವ ಪೀಕ್‌ಗಳು

ಮಳೆಗಾಲದಲ್ಲಿ ಮಂಗಳೂರಿನಲ್ಲೋ ಕಾರವಾರದಲ್ಲೋ ಪೊಟ್ಯಾಸಿಯಂ ಬ್ರೋಮೈಡಿನ ಬಿಲ್ಲೆ ಮಾಡುವವರಿಗೆ ದೊಡ್ಡ ಶತ್ರು ಗಾಳಿಯ ತೇವ. ಆ ಉಪ್ಪು ಅರೆಯುವಾಗಲೇ ನೀರನ್ನು ಎಳೆದುಕೊಳ್ಳುತ್ತದೆ. ನೀರಿನಲ್ಲೂ O–H ಇದೆ. 3400ರ ಸುತ್ತ ಅಗಲವಾದ ತಗ್ಗು ಮೂಡುತ್ತದೆ, ಹೈಡ್ರಾಕ್ಸಿಲ್ ಇಲ್ಲದ ವಸ್ತುವಿನಲ್ಲೂ ಹೈಡ್ರಾಕ್ಸಿಲ್ ಇದ್ದಂತೆ ತೋರುತ್ತದೆ. ಪತ್ತೆ ಹಚ್ಚಲು ಒಂದು ಸುಳಿವಿದೆ. ನೀರಿನ ಅಣುವಿನ ಬಾಗುವಿಕೆ 1640ರ ಸುತ್ತ ಇನ್ನೊಂದು ಪೀಕ್ ಕೊಡುತ್ತದೆ. ಎರಡೂ ಒಟ್ಟಿಗೆ ಕಂಡರೆ ನೀರನ್ನೇ ಮೊದಲು ಶಂಕಿಸಬೇಕು. ಉಪ್ಪನ್ನು 110 ಡಿಗ್ರಿಯಲ್ಲಿ ಒಣಗಿಸಿ, ಬರಿಯ ಉಪ್ಪಿನದ್ದೇ ಒಂದು ಬಿಲ್ಲೆ ಮಾಡಿ ನೋಡಿದರೆ ಅನುಮಾನ ತೀರುತ್ತದೆ: ಅದರಲ್ಲೂ ಅದೇ ತಗ್ಗಿದ್ದರೆ ಅದು ಮಾದರಿಯದ್ದಲ್ಲ.

ಎರಡನೆಯ ಮೋಸ ಸ್ವಲ್ಪ ಸೂಕ್ಷ್ಮ. ಬಲವಾದ ಕಾರ್ಬೊನಿಲ್ ಪೀಕ್ ತನ್ನ ಇಮ್ಮಡಿ ತರಂಗಸಂಖ್ಯೆಯ ಹತ್ತಿರ ಕ್ಷೀಣವಾದ ಪ್ರತಿಧ್ವನಿ ಬಿಡುತ್ತದೆ. 1715ರ ಇಮ್ಮಡಿ 3430. ಸರಿಯಾಗಿ ಹೈಡ್ರಾಕ್ಸಿಲ್ ಬಯಲಿನಲ್ಲಿ! ಅಪ್ಪಟ ಕೀಟೋನಿನ ನಕ್ಷೆಯಲ್ಲಿ ಅಲ್ಲೊಂದು ಪುಟ್ಟ ಹಲ್ಲು ಕಂಡು ಅದನ್ನು ಮದ್ಯಸಾರ ಎಂದು ಬರೆಯುವುದುಂಟು. ನಿಜವಾದ O–H ಅಷ್ಟು ಬಡವಾಗಿರುವುದಿಲ್ಲ. ಅದಿದ್ದರೆ 1300–1000ದ ನಡುವೆ C–O ಪೀಕ್ ಕೂಡ ಇರಬೇಕು.

ವಜ್ರದ ಮೇಲೆ ಒತ್ತಿ ತೆಗೆದ ಎಟಿಆರ್ ನಕ್ಷೆಯಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ಕಿರಣ ಮಾದರಿಯೊಳಗೆ ಇಳಿಯುವ ಆಳ ಅಲೆಯ ಉದ್ದದ ಮೇಲೆ ನಿಂತಿದೆ. ಎಡಭಾಗದ ಗಿಡ್ಡ ಅಲೆಗಳು ಕಡಿಮೆ ಆಳಕ್ಕೆ ಇಳಿಯುತ್ತವೆ, ಹಾಗಾಗಿ O–H ಪೀಕ್ ಬಿಲ್ಲೆಯ ನಕ್ಷೆಯಲ್ಲಿ ಕಂಡದ್ದಕ್ಕಿಂತ ಸಪ್ಪೆಯಾಗಿ ಕಾಣುತ್ತದೆ. ಎಟಿಆರ್ ನಕ್ಷೆಯನ್ನು ಬಿಲ್ಲೆಯ ನಕ್ಷೆಯೊಂದಿಗೆ ಆಳದ ಲೆಕ್ಕದಲ್ಲಿ ಹೋಲಿಸಬಾರದು. ಇನ್ನು 2350ರ ಸುತ್ತ ಅವಳಿ ಹಲ್ಲು ಕಂಡರೆ ಅದು ಯಂತ್ರದೊಳಗಿನ ಗಾಳಿಯ ಇಂಗಾಲದ ಡೈಆಕ್ಸೈಡ್. ಪ್ರಯೋಗ ಮಾಡುತ್ತಿರುವವರ ಉಸಿರೂ ಅದರಲ್ಲಿ ಸೇರಿರಬಹುದು.

## ನಕ್ಷೆ ಎಲ್ಲಿ ನಿಲ್ಲುತ್ತದೆ?

ನಮ್ಮ ಪುಡಿಯನ್ನು ಆಸ್ಪಿರಿನ್ ಎಂದೆವು. ನಿಜ ಹೇಳಬೇಕೆಂದರೆ ಎರಡು ಜಾಗಗಳ ಓದು ಅಷ್ಟು ದೂರ ಬರುವುದಿಲ್ಲ. ಆಮ್ಲದ ಗುಂಪು ಮತ್ತು ಎಸ್ಟರ್ ಉಂಗುರದ ಪಕ್ಕಪಕ್ಕದ ಮೂಲೆಗಳಲ್ಲಿವೆಯೋ ಎದುರು ಮೂಲೆಗಳಲ್ಲಿವೆಯೋ ಎಂಬುದನ್ನು ಅವು ಹೇಳಲಾರವು. ಎಸ್ಟರ್‌ನ ಬಾಲದಲ್ಲಿ ಇಂಗಾಲಗಳು ಎಷ್ಟು ಎಂಬುದೂ ಖಚಿತವಾಗುವುದಿಲ್ಲ. ಅದಕ್ಕಾಗಿ ಶುದ್ಧ ಆಸ್ಪಿರಿನ್‌ನ ನಕ್ಷೆಯನ್ನು ಮೇಲಿಟ್ಟು ಬೆರಳಚ್ಚು ವಲಯದ ಪ್ರತಿ ಹಲ್ಲೂ ಕೂಡುತ್ತದೆಯೇ ಎಂದು ನೋಡಬೇಕು. ದ್ರವನಬಿಂದುವೂ ನೆರವಿಗೆ ಬರುತ್ತದೆ: ಆಸ್ಪಿರಿನ್ 135 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗಿದರೆ ಸ್ಯಾಲಿಸಿಲಿಕ್ ಆಮ್ಲ ಕರಗುವುದು 158ರ ಹತ್ತಿರ.

ಪುಡಿಯ ಬದಲು ಅಂಗಡಿಯ ಮಾತ್ರೆಯನ್ನೇ ಅರೆದು ಬಿಲ್ಲೆ ಮಾಡಿದರೆ ಇನ್ನೊಂದು ತೊಡಕು. ಮಾತ್ರೆಗೆ ಗಾತ್ರ ಕೊಡಲು ಸೇರಿಸುವ ಪಿಷ್ಟ, ಸೆಲ್ಯುಲೋಸ್‌ಗಳ ಮೈತುಂಬ O–H ಇರುತ್ತದೆ. 3300ರ ಸುತ್ತ ಅವುಗಳದ್ದೇ ದರ್ಬಾರು. ಆ ಭಾಗವನ್ನು ನಂಬದೆ ಕಾರ್ಬೊನಿಲ್ ಓಣಿಯನ್ನು ಓದಬೇಕು, ಇಲ್ಲವೇ ತಕ್ಕ ದ್ರಾವಕದಲ್ಲಿ ಆಸ್ಪಿರಿನ್ ಅನ್ನು ಮಾತ್ರ ಕರಗಿಸಿ ಬೇರ್ಪಡಿಸಿಕೊಳ್ಳಬೇಕು.

ತೇವ ತಾಗಿದ ಆಸ್ಪಿರಿನ್ ಮಾತ್ರೆಯ ಬಾಟಲಿ ತೆರೆದಾಗ ವಿನೆಗರ್ ವಾಸನೆ ಬರುವುದುಂಟು. ನೀರು ಎಸ್ಟರ್ ಬಂಧವನ್ನು ಒಡೆದು ಅಸಿಟಿಕ್ ಆಮ್ಲವನ್ನೂ ಸ್ಯಾಲಿಸಿಲಿಕ್ ಆಮ್ಲವನ್ನೂ ಬಿಡಿಸಿರುತ್ತದೆ. ಹಾಳಾದ ಪಾಲು ದೊಡ್ಡದಾಗಿದ್ದರೆ ನಕ್ಷೆಯಲ್ಲಿ 1750 ಸೊರಗಿ, 1690ರ ಪೀಕ್‌ಗೆ ಅಂಟಿದಂತೆ 1660ರಲ್ಲಿ ಹೊಸ ಭುಜ ಮೂಡಿ, 3230ರ ಪೀಕ್ ಹಣಕಿ ಹಾಕುತ್ತದೆ. ಪಾಲು ನೂರಕ್ಕೆ ಒಂದರಷ್ಟೇ ಇದ್ದರೆ ಈ ಬದಲಾವಣೆಗಳು ಆಸ್ಪಿರಿನ್‌ನ ಪೀಕ್‌ಗಳ ನೆರಳಿನಲ್ಲಿ ಮುಚ್ಚಿಹೋಗುತ್ತವೆ. ಅಲ್ಲಿ ದುಬಾರಿ ಯಂತ್ರಕ್ಕಿಂತ ಒಂದು ತೊಟ್ಟು ಫೆರಿಕ್ ಕ್ಲೋರೈಡ್ ದ್ರಾವಣವೇ ಚುರುಕು: ಶುದ್ಧ ಆಸ್ಪಿರಿನ್‌ನಲ್ಲಿ ಬಿಡುವಾದ ಫೀನಾಲ್ O–H ಇಲ್ಲದ್ದರಿಂದ ಬಣ್ಣ ಬರುವುದಿಲ್ಲ, ಸ್ವಲ್ಪವೇ ಸ್ಯಾಲಿಸಿಲಿಕ್ ಆಮ್ಲ ಇದ್ದರೂ ದ್ರಾವಣ ನೇರಳೆಗೆ ತಿರುಗುತ್ತದೆ.